ಗ್ರಾಹಕರ ಕನ್ನಡ ಕಮೆಂಟ್‌ಗಳನ್ನು ಶೀಟ್‌ನಲ್ಲೇ ಎಣಿಸಿ ಗುಂಪು ಮಾಡುವ ಕ್ರಮ

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆ ಮಾರುವವರು ಈಗ ಅಂಗಡಿಯ ಜೊತೆಗೆ ವಾಟ್ಸಾಪ್‌ನಲ್ಲೂ ವ್ಯಾಪಾರ ಮಾಡುತ್ತಾರೆ. ಸೀರೆ ತಲುಪಿದ ಮೇಲೆ ಗ್ರಾಹಕರಿಗೆ ಒಂದು ಗೂಗಲ್ ಫಾರ್ಮ್ ಕಳಿಸಿ, ಐದರಲ್ಲಿ ಎಷ್ಟು ಸ್ಟಾರ್ ಅಂತ ಕೇಳಿ, ಕೆಳಗೆ ಅನಿಸಿಕೆ ಬರೆಯಲು ಒಂದು ಖಾಲಿ ಜಾಗ ಬಿಡುವುದು ಸಾಮಾನ್ಯ. ಸ್ಟಾರ್‌ಗಳ ಸರಾಸರಿ ತೆಗೆಯುವುದು ಒಂದು ನಿಮಿಷದ ಕೆಲಸ. ಅನಿಸಿಕೆಗಳ ಕಾಲಂ ಮಾತ್ರ ಹಾಗೇ ಬಿದ್ದಿರುತ್ತದೆ. ಒಬ್ಬರು ಕನ್ನಡದಲ್ಲಿ ಬರೆದಿರುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿರುತ್ತಾರೆ, ಮತ್ತೊಬ್ಬರು ಬರೀ ಹೆಬ್ಬೆರಳು ಹಾಕಿರುತ್ತಾರೆ.

ಆ ಕಾಲಂನಿಂದ "ಬಣ್ಣದ ಬಗ್ಗೆ ಎಷ್ಟು ಜನ, ಬೆಲೆ ಬಗ್ಗೆ ಎಷ್ಟು ಜನ ಬರೆದಿದ್ದಾರೆ" ಅಂತ ಲೆಕ್ಕ ತೆಗೆಯುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಸೂತ್ರಗಳೆಲ್ಲ ಗೂಗಲ್ ಶೀಟ್ಸ್‌ನವು. ಈ ವಿಷಯದ ಮೇಲೆ ಸಿಗುವ ಪಾಠಗಳು ಬಹುತೇಕ ಇಂಗ್ಲಿಷ್ ಕಮೆಂಟ್‌ಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದಂಥವು. ಅವನ್ನು ಹಾಗೇ ಕನ್ನಡಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಅನ್ನುವುದೇ ಈ ಲೇಖನದ ಮುಖ್ಯ ಭಾಗ.

ಮೊದಲೇ ಒಂದು ಮಾತು. ನಿಮ್ಮ ಹತ್ತಿರ ಐವತ್ತಕ್ಕಿಂತ ಕಡಿಮೆ ಕಮೆಂಟ್ ಇದ್ದರೆ ಸೂತ್ರವೇ ಬೇಡ. ಒಂದೊಂದಾಗಿ ಓದಿ, ಪಕ್ಕದ ಕಾಲಂನಲ್ಲಿ ಕೈಯಾರೆ ಗುರುತು ಹಾಕಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಸೂತ್ರಕ್ಕಿಂತ ಸರಿಯಾಗಿಯೂ ಇರುತ್ತದೆ. ನೂರಾರು ಕಮೆಂಟ್ ಇದ್ದು, ತಿಂಗಳು ತಿಂಗಳು ಹೊಸದು ಸೇರುತ್ತಿದ್ದರೆ ಮಾತ್ರ ಈ ಶ್ರಮ ಲಾಭಕ್ಕೆ ಬರುತ್ತದೆ.

ಹಾಳೆ ಸಿದ್ಧ ಮಾಡಿಕೊಳ್ಳುವುದು

ಫಾರ್ಮ್‌ನ ಉತ್ತರಗಳು ಬಂದು ಬೀಳುವ ಹಾಳೆಯನ್ನು ಮುಟ್ಟಬೇಡಿ. ಹೊಸದೊಂದು ಹಾಳೆ ತೆರೆದು, ರೇಟಿಂಗ್ ಮತ್ತು ಕಮೆಂಟ್ ಎರಡನ್ನೇ ಕಾಪಿ ಮಾಡಿ ಅಂಟಿಸಿ. ರೇಟಿಂಗ್ `A` ಕಾಲಂನಲ್ಲಿ, ಕಮೆಂಟ್ `B` ಕಾಲಂನಲ್ಲಿ ಇರಲಿ. ಮೇಲಿನ ಎರಡು ಸಾಲು ಖಾಲಿ ಬಿಡಿ. ಮೊದಲ ಸಾಲಿನಲ್ಲಿ ಹುಡುಕುವ ಪದಗಳು ಬರುತ್ತವೆ, ಎರಡನೇ ಸಾಲಿನಲ್ಲಿ ಗುಂಪಿನ ಹೆಸರು. ಕಮೆಂಟ್‌ಗಳು ಮೂರನೇ ಸಾಲಿನಿಂದ ಶುರುವಾಗಲಿ.

ಅಭ್ಯಾಸಕ್ಕೆ ಅಂತ ನಾನೇ ಬರೆದ ಹತ್ತು ಕಮೆಂಟ್ ಇಲ್ಲಿವೆ. ಗ್ರಾಹಕರು ಬರೆಯುವ ಧಾಟಿಯಲ್ಲೇ ಇವೆ. ಕಾಪಿ ಮಾಡಿಕೊಂಡು ನಿಮ್ಮ ಹಾಳೆಯಲ್ಲೇ ಮಾಡಿ ನೋಡಬಹುದು. ಎಡಗಡೆಯ ಅಂಕಿ ಸಾಲಿನ ಸಂಖ್ಯೆ, ಅದರ ಪಕ್ಕದ್ದು ರೇಟಿಂಗ್.

```
3   5  ಸೀರೆ ತುಂಬಾ ಸುಂದರವಾಗಿದೆ. ಅಮ್ಮನಿಗೆ ಇಷ್ಟ ಆಯ್ತು
4   2  ಮೊದಲ ಸಲ ತೊಳೆದಾಗಲೇ ಸೆರಗಿನ ಬಣ್ಣ ಒಡಲಿಗೆ ಹತ್ತಿತು
5   4  ಸೀರಿ ಚಲೋ ಐತಿ, ಆದರೆ ಕೊರಿಯರ್ ಭಾಳ ತಡ ಆತು
6   5  Kalar super. 3 wash aadru banna hogilla
7   3  ಅಂಗಡಿಗಿಂತ ತುಟ್ಟಿ ಆತು. ಜೊತೆಗೆ ಖಣ ಕೊಟ್ಟಿದ್ರೆ ಚಲೋ ಇತ್ತು
8   2  ಫೋಟೋದಾಗ ಕಂಡ ಕಲರೇ ಬೇರೆ, ಬಂದಿದ್ದೇ ಬೇರೆ
9   1  Delivery late. Maduve mugida mele bantu
10  5  ದರ ಸರಿಯಾಗಿದೆ, ಬಟ್ಟೆ ಗಟ್ಟಿ ಇದೆ
11  4  ಯಾವ ಒತ್ತಡವೂ ಇಲ್ಲದೆ ವಾಟ್ಸಾಪ್‌ನಲ್ಲೇ ಆರಿಸಿಕೊಂಡೆವು
12  5  👍 ok
```

ಈಗ `C` ಕಾಲಂನಲ್ಲಿ ಕಮೆಂಟನ್ನು ಸ್ವಚ್ಛ ಮಾಡಬೇಕು. `C3`ರಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ.

```
=TRIM(REGEXREPLACE(LOWER(SUBSTITUTE(SUBSTITUTE(B3,UNICHAR(8204),""),UNICHAR(8205),"")),"[.,!?;:()/\n]"," "))
```

ಇದು ಮೂರು ಕೆಲಸ ಮಾಡುತ್ತದೆ. ಇಂಗ್ಲಿಷ್ ಅಕ್ಷರಗಳನ್ನೆಲ್ಲ ಸಣ್ಣಕ್ಷರಕ್ಕೆ ಇಳಿಸುತ್ತದೆ. ಚುಕ್ಕೆ, ಅಲ್ಪವಿರಾಮದಂಥವನ್ನು ತೆಗೆದು ಅಲ್ಲಿ ಖಾಲಿ ಜಾಗ ಬಿಡುತ್ತದೆ. ಮೂರನೆಯದು ಕನ್ನಡಕ್ಕೇ ಸಂಬಂಧಿಸಿದ್ದು. "ವಾಟ್ಸಾಪ್‌ನಲ್ಲೇ" ಅಂತ ಬರೆದಾಗ "ಪ್" ಮತ್ತು "ನ" ಒಂದಕ್ಕೊಂದು ಅಂಟಿ ಒತ್ತಕ್ಷರ ಆಗದಿರಲಿ ಅಂತ ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತದೆ. ಅದರ ಸಂಖ್ಯೆ 8204. ಅದರ ಜೋಡಿ ಗುರುತು 8205. ಒಬ್ಬರ ಫೋನು ಇದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ನೋಡಲು ಒಂದೇ ಪದ, ಶೀಟ್‌ನ ಲೆಕ್ಕದಲ್ಲಿ ಎರಡು. ಎಲ್ಲ ಕಡೆಯಿಂದಲೂ ತೆಗೆದುಬಿಟ್ಟರೆ ಈ ಭೇದ ಹೋಗುತ್ತದೆ. `C` ಕಾಲಂನಲ್ಲಿ ಕೆಲವು ಪದ ವಿಚಿತ್ರವಾಗಿ ಒತ್ತಕ್ಷರ ಸೇರಿ ಕಾಣುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಓದಲು `B` ಇದೆ, ಎಣಿಸಲು `C`.

ಯಾವ ಪದ ಎಷ್ಟು ಸಲ

ಗುಂಪು ಮಾಡುವ ಮುಂಚೆ ಜನ ಯಾವ ಪದ ಬಳಸಿದ್ದಾರೆ ಅಂತ ಒಮ್ಮೆ ನೋಡಬೇಕು. ಇನ್ನೊಂದು ಖಾಲಿ ಹಾಳೆ ತೆರೆದು ಇದನ್ನು ಹಾಕಿ. `Sheet2` ಇರುವಲ್ಲಿ ನಿಮ್ಮ ಕಮೆಂಟ್ ಹಾಳೆಯ ಹೆಸರು ಬರಲಿ.

```
=ARRAYFORMULA(QUERY(FLATTEN(IFERROR(SPLIT(Sheet2!C3:C12," "))),"select Col1, count(Col1) where Col1 is not null group by Col1 order by count(Col1) desc",0))
```

ಪ್ರತಿ ಕಮೆಂಟನ್ನೂ ಪದ ಪದವಾಗಿ ಒಡೆದು, ಒಂದೇ ಸಾಲಾಗಿ ಜೋಡಿಸಿ, ಜಾಸ್ತಿ ಬಂದದ್ದನ್ನು ಮೇಲೆ ತೋರಿಸುತ್ತದೆ. ನಮ್ಮ ಹತ್ತು ಕಮೆಂಟ್‌ಗೆ ಮೇಲೆ ಬರುವ ಪದಗಳು ಮೂರೇ: "ಚಲೋ", "ಆತು", "ಬೇರೆ". ತಲಾ ಎರಡು ಸಲ. ಉಳಿದದ್ದೆಲ್ಲ ಒಂದೊಂದು.

ಇಲ್ಲೇ ಸ್ವಲ್ಪ ನಿಲ್ಲಿ. ಹತ್ತೂ ಕಮೆಂಟ್ ಓದಿದ ಯಾರೇ ಆದರೂ ಬಣ್ಣದ ಮಾತೇ ಜಾಸ್ತಿ ಇದೆ ಅನ್ನುತ್ತಾರೆ. ಪಟ್ಟಿಯ ತುದಿಯಲ್ಲಿ ಬಣ್ಣದ ಸುಳಿವೇ ಇಲ್ಲ. ಯಾಕೆಂದರೆ ಅದು "ಬಣ್ಣ", "ಕಲರೇ", "kalar", "banna" ಅಂತ ನಾಲ್ಕು ಕಡೆ ಹಂಚಿಹೋಗಿದೆ. "ಸೀರೆ" ಒಂದು, "ಸೀರಿ" ಒಂದು. ಇನ್ನು "ಬೇರೆ" ಎರಡು ಸಲ ಬಂದಿದ್ದರೂ ಅವೆರಡೂ ಒಬ್ಬರೇ ಬರೆದದ್ದು. ಒಬ್ಬ ಗ್ರಾಹಕರು ಸಿಟ್ಟಿನಲ್ಲಿ ಒಂದೇ ಪದವನ್ನು ನಾಲ್ಕು ಸಲ ಬರೆದರೆ ನಾಲ್ಕು ಜನ ಬರೆದಂತೆ ಆಗಬಾರದು, ಅಲ್ವಾ? ಹಾಗಾಗಿ ಈ ಪಟ್ಟಿಯನ್ನು ಫಲಿತಾಂಶ ಅಂತ ಯಾರಿಗೂ ತೋರಿಸಬೇಡಿ. ಇದರಿಂದ ಆಗಬೇಕಾದ ಕೆಲಸ ಒಂದೇ: ಜನ ಒಂದೇ ವಿಷಯವನ್ನು ಯಾವ್ಯಾವ ಪದದಲ್ಲಿ ಬರೆಯುತ್ತಾರೆ ಅಂತ ಹೆಕ್ಕಿಕೊಳ್ಳುವುದು. ಪಟ್ಟಿಯ ತುದಿಯಷ್ಟೇ ನೋಡಬೇಡಿ, ಕೆಳಗಿನ ಒಂದೊಂದು ಸಲ ಬಂದ ಪದಗಳ ಮೇಲೂ ಕಣ್ಣಾಡಿಸಿ. ಕನ್ನಡದಲ್ಲಿ ಸರಕೆಲ್ಲ ಅಲ್ಲೇ ಇರುತ್ತದೆ.

ನಮ್ಮ ಕಡೆಯ ಪದಗಳು ಇಲ್ಲೇ ಸಿಗುತ್ತವೆ. ಬೆಲೆ ಅಂತ ಹುಡುಕುತ್ತಾ ಕೂತರೆ ಬಾಗಲಕೋಟೆ, ವಿಜಯಪುರದ ಗ್ರಾಹಕರು ತಪ್ಪಿಸಿಕೊಳ್ಳುತ್ತಾರೆ. ಅವರು ಬರೆಯುವುದು "ತುಟ್ಟಿ", "ಸೋವಿ", "ರೊಕ್ಕ". ಬೆಳಗಾವಿ ಕಡೆಯಿಂದ ಮರಾಠಿಯಲ್ಲೂ ಕಮೆಂಟ್ ಬರುತ್ತವೆ. ಅವನ್ನು ದೇವನಾಗರಿ ಲಿಪಿಯಲ್ಲೇ ಪದಪಟ್ಟಿಗೆ ಸೇರಿಸಿದರೆ ಆಯಿತು, ಸೂತ್ರಕ್ಕೆ ಲಿಪಿಯ ಭೇದವಿಲ್ಲ.

"ಸುಂದರ" ಬೆಲೆಯ ಲೆಕ್ಕಕ್ಕೆ ಹೋಗುವುದು

ಈಗ ಒಂದೊಂದು ಪದವನ್ನು ಎಣಿಸೋಣ. ಎಷ್ಟು ಕಮೆಂಟ್‌ನಲ್ಲಿ "ದರ" ಇದೆ?

```
=SUMPRODUCT(--REGEXMATCH(C3:C12,"ದರ"))
```

ಉತ್ತರ 3. ನಿಜವಾಗಿ ಬೆಲೆಯ ಮಾತಾಡಿದವರು ಇಬ್ಬರು: 7ನೇ ಸಾಲಿನವರು ತುಟ್ಟಿ ಅಂದಿದ್ದಾರೆ, 10ನೇ ಸಾಲಿನವರು ದರ ಸರಿಯಾಗಿದೆ ಅಂದಿದ್ದಾರೆ. ಸೂತ್ರ ಹಿಡಿದ ಮೂರರಲ್ಲಿ 10ನೇ ಸಾಲು ಮಾತ್ರ ಸರಿ. ಉಳಿದ ಎರಡು ಎಲ್ಲಿಂದ ಬಂದವು? 3ನೇ ಸಾಲಿನ "ಸುಂದರವಾಗಿದೆ", 5ನೇ ಸಾಲಿನ "ಆದರೆ". ಎರಡರ ಹೊಟ್ಟೆಯಲ್ಲೂ "ದರ" ಇದೆ.

ಸೀರೆಯ ಕಮೆಂಟ್‌ಗಳಲ್ಲಿ "ಸುಂದರ" ಎಷ್ಟು ಸಲ ಬರುತ್ತದೆ ಅಂತ ಹೇಳಬೇಕಾಗಿಲ್ಲ. "ಆದರೆ", "ಅಂದರೆ", "ಬಂದರೆ" ಇಲ್ಲದ ಕನ್ನಡವಂತೂ ಇಲ್ಲವೇ ಇಲ್ಲ. ಹೀಗೆ ತಯಾರಾದ ಪಟ್ಟಿಯೊಂದನ್ನು ಇಳಕಲ್‌ನ ಅಂಗಡಿಯ ಅಕ್ಕ ಒಬ್ಬರು ನೋಡಿ, "ಇಷ್ಟ ಮಂದಿ ರೇಟಿನ ಮಾತಾಡ್ಯಾರೇನ್ರಿ? ನಾ ಓದಿದಾಗ ಹಂಗೇನೂ ಕಾಣ್ಲಿಲ್ಲಲ್ರೀ" ಅಂತ ನೇರವಾಗಿ ಕೇಳಿದರು. ಅವರ ಅನುಮಾನ ಸರಿಯಾಗಿಯೇ ಇತ್ತು. ಕಮೆಂಟ್ ಓದಿದವರ ಅಂದಾಜಿಗೂ ಸೂತ್ರದ ಅಂಕಿಗೂ ತಾಳೆಯಾಗದಿದ್ದರೆ ಮೊದಲು ಅನುಮಾನಪಡಬೇಕಾದದ್ದು ಸೂತ್ರದ ಮೇಲೆ.

"ತಡ" ಎಣಿಸಿದರೂ ಇದೇ ಕತೆ. 5ನೇ ಸಾಲಿನ ಜೊತೆಗೆ 11ನೇ ಸಾಲೂ ಬರುತ್ತದೆ, "ಒತ್ತಡ"ದ ಒಳಗೆ "ತಡ" ಇರುವುದರಿಂದ. ನೆಮ್ಮದಿಯಾಗಿ ಆರಿಸಿಕೊಂಡೆವು ಅಂತ ಹೊಗಳಿದ ಗ್ರಾಹಕರು ತಡವಾಯಿತು ಅಂತ ದೂರಿದವರ ಸಾಲಿಗೆ ಸೇರಿಬಿಡುತ್ತಾರೆ.

ಇದರ ಉಲ್ಟಾ ತೊಂದರೆಯೂ ಇದೆ. "ಕಲರ್" ಅಂತ ಹುಡುಕಿದರೆ ಉತ್ತರ ಸೊನ್ನೆ. 8ನೇ ಸಾಲಿನಲ್ಲಿ "ಕಲರೇ" ಇದೆಯಲ್ಲ, ಅದು ಯಾಕೆ ಸಿಗಲಿಲ್ಲ? ಕಂಪ್ಯೂಟರ್ ಒಳಗೆ "ಕಲರ್" ಅಂದರೆ ಕ, ಲ, ರ, ಮತ್ತೆ ಕೊನೆಯಲ್ಲಿ ಅರ್ಧಾಕ್ಷರದ ಗುರುತು. "ಕಲರೇ" ಅಂದರೆ ಕ, ಲ, ರ, ಮತ್ತೆ ಏತ್ವದ ಗುರುತು. ಮೊದಲ ಮೂರು ಒಂದೇ, ನಾಲ್ಕನೆಯದು ಬೇರೆ. ಅರ್ಧಾಕ್ಷರದ ಗುರುತು ತೆಗೆದು ಬರೀ "ಕಲರ" ಅಂತ ಹುಡುಕಿದರೆ "ಕಲರ್", "ಕಲರು", "ಕಲರೇ", "ಕಲರಿನ" ಎಲ್ಲವೂ ಸಿಗುತ್ತವೆ.

ಈ ಎರಡು ತೊಂದರೆಗೂ ಮೂಲ ಒಂದೇ. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಲೇ ಇರುತ್ತದೆ. ಸೆರಗು, ಸೆರಗಿನ, ಸೆರಗಿಗೆ, ಸೆರಗಾದರೂ. ಪದದ ತಲೆ ಮಾತ್ರ ಹೆಚ್ಚಾಗಿ ಹಾಗೇ ಇರುತ್ತದೆ. ಅದಕ್ಕೇ ಹುಡುಕುವಾಗ ತಲೆಯನ್ನು ಬಿಗಿಯಾಗಿ ಹಿಡಿದು ಬಾಲವನ್ನು ಸಡಿಲ ಬಿಡಬೇಕು. ಸೂತ್ರದಲ್ಲಿ ಹೀಗೆ:

```
(^|\s)(ದರ|ರೇಟ|ರೊಕ್ಕ|ತುಟ್ಟಿ|ಸೋವಿ|rate|price)
```

ಮೊದಲ ಆವರಣದ ಅರ್ಥ, "ಕಮೆಂಟ್‌ನ ಶುರುವಿನಲ್ಲಿ, ಇಲ್ಲವೇ ಖಾಲಿ ಜಾಗದ ನಂತರ". ಎರಡನೇ ಆವರಣದಲ್ಲಿ ಪದಗಳ ತಲೆಗಳು, ನಡುವೆ ನಿಂತ ಗೆರೆ. ಈಗ "ದರ" ಪದದ ಶುರುವಿನಲ್ಲಿದ್ದರೆ ಮಾತ್ರ ಲೆಕ್ಕ. "ಸುಂದರ", "ಆದರೆ" ಎರಡೂ ಹೊರಗೆ ಹೋಗುತ್ತವೆ, "ತುಟ್ಟಿ" ಒಳಗೆ ಬರುತ್ತದೆ. ಉತ್ತರ 2, ಸರಿಯಾದ ಎರಡೇ.

ಇಂಗ್ಲಿಷ್ ಪಾಠಗಳಲ್ಲಿ ಇದೇ ಕೆಲಸಕ್ಕೆ `\b` ಬಳಸಿ ಅಂತ ಇರುತ್ತದೆ. ಶೀಟ್ಸ್‌ನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಅಂಚನ್ನಷ್ಟೇ ಗುರುತಿಸುತ್ತದೆ, ಕನ್ನಡ ಅಕ್ಷರಗಳನ್ನು ಪದದ ಭಾಗ ಅಂತಲೇ ಲೆಕ್ಕಿಸುವುದಿಲ್ಲ. ಕನ್ನಡ ಪದದ ಮುಂದೆ ಹಾಕಿದರೆ ಸಿಗಬೇಕಾದದ್ದೂ ಸಿಗದೆ ಸೊನ್ನೆ ಬರುತ್ತದೆ. `(^|\s)` ಎರಡಕ್ಕೂ ಕೆಲಸ ಮಾಡುತ್ತದೆ.

ಬಾಲ ಸಡಿಲ ಬಿಟ್ಟಿದ್ದಕ್ಕೂ ಒಂದು ಬೆಲೆ ತೆರಬೇಕು. "ರೇಟ" ಅಂತ ಹುಡುಕಿದರೆ "ರೇಟಿಂಗ್" ಕೂಡ ಬರುತ್ತದೆ. ಗುಳೇದಗುಡ್ಡದ ರವಿಕೆ ಬಟ್ಟೆಯಾದ ಖಣವನ್ನು ಕೆಲವರು "ಕಣ" ಅಂತ ಬರೆಯುತ್ತಾರೆ, ಅದಕ್ಕೆ "ಕಣ" ಸೇರಿಸಿದರೆ "ಕಣ್ಣಿಗೆ ತಂಪು" ಅಂದವರೂ ಖಣ ಕೇಳಿದವರಾಗುತ್ತಾರೆ. ಇಂಥ ಗಿಡ್ಡ ಪದಗಳಿಗೆ ಮಾತ್ರ ಬಾಲವನ್ನೂ ಬಿಡಿಸಿ ಬರೆಯಿರಿ: `ಕಣ(\s|$|ದ)`. ಅಂದರೆ "ಕಣ" ಆದ ಮೇಲೆ ಖಾಲಿ ಜಾಗ, ಕಮೆಂಟ್‌ನ ಕೊನೆ, ಇಲ್ಲವೇ "ದ" ಇದ್ದರೆ ಮಾತ್ರ. ಉದ್ದದ, ವಿಶಿಷ್ಟವಾದ ಪದಗಳಿಗೆ ಈ ಕಷ್ಟ ಬೇಡ. "ಬಣ್ಣ"ಕ್ಕೆ ತಲೆಯ ಬಿಗಿಯೂ ಬೇಕಿಲ್ಲ, ಬಿಟ್ಟರೆ "ಕೆಂಪುಬಣ್ಣ" ಅಂತ ಸೇರಿಸಿ ಬರೆದವರೂ ಸಿಗುತ್ತಾರೆ.

ಗುಂಪುಗಳನ್ನು ಆರಿಸುವುದು

ಪದ ಬೇರೆ, ಗುಂಪು ಬೇರೆ. "ಸೆರಗು" ಅನ್ನುವುದು ಪದ. ಅದನ್ನೇ ಒಂದು ಗುಂಪು ಮಾಡಿದರೆ ಸೆರಗಿನ ಬಣ್ಣ ಬಿಟ್ಟಿತು, ಸೆರಗಿನ ತೋಪು ತೆನಿ ವಿನ್ಯಾಸ ಚೆಂದ ಇದೆ, ಸೆರಗು ಗಿಡ್ಡ ಆಯಿತು ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ಆ ಅಂಕಿ ಹಿಡಿದು ಯಾರೂ ಏನೂ ಮಾಡಲಾಗದು. ಗುಂಪು ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, "ಈ ದೂರು ಬಂದರೆ ಯಾರು ಏನು ಮಾಡಬೇಕು?" ತಡವಾದರೆ ಪಾರ್ಸಲ್ ಕಟ್ಟುವವರು. ಬೆಲೆ ಅಂದರೆ ಮಾಲೀಕರು. ಖಣ ಕೇಳಿದರೆ ಮುಂದಿನ ಸಲ ಜೊತೆಗೆ ಇಡುವುದು.

ಬಣ್ಣದ ವಿಷಯಕ್ಕೆ ಬಂದಾಗ ಈ ಪ್ರಶ್ನೆ ಒಳ್ಳೆಯ ಕೆಲಸ ಮಾಡುತ್ತದೆ. 4ನೇ ಸಾಲಿನವರ ಸೀರೆಯಲ್ಲಿ ಸೆರಗಿನ ಬಣ್ಣ ಒಡಲಿಗೆ ಹತ್ತಿದೆ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ನೂಲು ಬಣ್ಣ ಬಿಟ್ಟರೆ ಅದು ನೂಲಿಗೆ ಬಣ್ಣ ಹಾಕುವವರ ಹತ್ತಿರ ಹೋಗಬೇಕಾದ ಮಾತು. 8ನೇ ಸಾಲಿನವರದು ಫೋಟೋದಲ್ಲಿ ಕಂಡ ಬಣ್ಣವೇ ಬೇರೆ ಅನ್ನುವ ದೂರು. ಅದು ಫೋಟೋ ತೆಗೆಯುವವರಿಗೆ ಹೋಗಬೇಕು. ಪದ ಒಂದೇ, ಕೆಲಸ ಎರಡು. ಹಾಗಾಗಿ "ಬಣ್ಣ" ಅನ್ನುವ ದೊಡ್ಡ ಗುಂಪಿನ ಒಳಗೆ ಎರಡು ಸಣ್ಣ ಗುಂಪು ಬೇಕು.

`D1`ರಿಂದ `I1`ರವರೆಗೆ ಒಂದೊಂದು ಸೆಲ್‌ನಲ್ಲಿ ಒಂದೊಂದು ಸಾಲು ಹಾಕಿ. ಉದ್ಧರಣ ಚಿಹ್ನೆ ಬೇಡ.

```
D1  ಬಣ್ಣ|ಕಲರ|colou?r|kalar|banna
E1  ತೊಳ|ಬಿಡ|ಬಿಟ್ಟ|ಹೋಗ|ಹೋಯ್ತ|ಹತ್ತಿತ|ಹತ್ತೇತ|wash|hog
F1  ಫೋಟ|ಪೋಟ|ಬೇರ|ಬ್ಯಾರ|photo
G1  (^|\s)(ದರ|ರೇಟ|ರೊಕ್ಕ|ತುಟ್ಟಿ|ಸೋವಿ|rate|price)
H1  (^|\s)(ತಡ|ಲೇಟ|ಕೊರಿಯರ|ಪಾರ್ಸಲ|ಡೆಲಿವರಿ|delivery|courier|late)
I1  (^|\s)(ಖಣ|ಕಣ(\s|$|ದ)|ಬ್ಲೌಸ|khana|blouse)
```

ಎರಡನೇ ಸಾಲಿನಲ್ಲಿ ಹೆಸರು ಬರೆಯಿರಿ: ಬಣ್ಣ, ಬಣ್ಣ ಬಿಡುವುದು, ಫೋಟೋ ವ್ಯತ್ಯಾಸ, ಬೆಲೆ, ತಲುಪಿದ್ದು, ಖಣ.

`E1`ರಲ್ಲಿ "ಹತ್ತ" ಅಂತ ಗಿಡ್ಡವಾಗಿ ಬರೆಯದೆ "ಹತ್ತಿತ", "ಹತ್ತೇತ" ಅಂತ ಬಿಡಿಸಿ ಬರೆದಿರುವುದನ್ನು ಗಮನಿಸಿ. "ಹತ್ತ" ಅಂದರೆ ಹತ್ತಿ ಬಟ್ಟೆಯೂ ಬರುತ್ತದೆ, ಹತ್ತು ದಿನವೂ ಬರುತ್ತದೆ. ಇಳಕಲ್ ಸೀರೆಯ ಕಮೆಂಟ್‌ನಲ್ಲಿ ಹತ್ತಿಯ ಮಾತು ಬರದೇ ಇರುತ್ತದೆಯೇ?

ಈಗ `D3`, `G3`, `H3`, `I3`ಗಳಲ್ಲಿ ಈ ಸೂತ್ರ. `D3`ರಲ್ಲಿ ಬರೆದು ಉಳಿದವಕ್ಕೆ ಕಾಪಿ ಮಾಡಿದರೆ ಕಾಲಂ ತಾನಾಗಿ ಬದಲಾಗುತ್ತದೆ.

```
=IF(REGEXMATCH($C3,D$1),1,0)
```

`E3` ಮತ್ತು `F3`ಗೆ ಮಾತ್ರ ಬೇರೆ. ಮೊದಲು ಬಣ್ಣದ ಮಾತು ಇರಬೇಕು, ಆಮೇಲೆ ಎರಡನೇ ಪದ:

```
=IF(AND($D3=1,REGEXMATCH($C3,E$1)),1,0)
```

ಎಲ್ಲವನ್ನೂ ಹನ್ನೆರಡನೇ ಸಾಲಿನವರೆಗೆ ಎಳೆಯಿರಿ. ಕೆಳಗೆ `D14`ರಲ್ಲಿ `=SUM(D3:D12)` ಹಾಕಿ ಪಕ್ಕಕ್ಕೆ ಎಳೆಯಿರಿ. ಬಣ್ಣ 3, ಅದರೊಳಗೆ ಬಣ್ಣ ಬಿಡುವುದು 2, ಫೋಟೋ ವ್ಯತ್ಯಾಸ 1. ಬೆಲೆ 2, ತಲುಪಿದ್ದು 2, ಖಣ 1.

ಯಾವುದಾದರೂ ಕಾಲಂನಲ್ಲಿ ಎಲ್ಲ ಸಾಲಿಗೂ 1 ಬಂದರೆ ಪದಪಟ್ಟಿಯ ಕೊನೆಯಲ್ಲಿ ಒಂದು ಗೆರೆ ಉಳಿದಿದೆ ಅಂತ ಅರ್ಥ. ಗೆರೆಯ ಆಚೆ ಏನೂ ಇಲ್ಲದಿದ್ದರೆ ಶೀಟ್ "ಏನೂ ಇಲ್ಲದ್ದೂ ಒಪ್ಪಿಗೆ" ಅಂತ ತಿಳಿದು ಎಲ್ಲವನ್ನೂ ಹಿಡಿಯುತ್ತದೆ. ಇದ್ದೇ ಇದೆ ಅಂತ ಗೊತ್ತಿರುವ ಪದಕ್ಕೆ 0 ಬಂದರೆ ಗೆರೆಯ ಅಕ್ಕಪಕ್ಕ ಖಾಲಿ ಜಾಗ ಸೇರಿಕೊಂಡಿದೆಯೇ ನೋಡಿ.

ಯಾವ ಗುಂಪಿಗೂ ಸೇರದವು

`J3`ರಲ್ಲಿ ಇದನ್ನು ಹಾಕಿ:

```
=IF($D3+$G3+$H3+$I3=0,1,0)
```

ನಮ್ಮಲ್ಲಿ ಉಳಿಯುವವು ಮೂರು: 3, 11, 12ನೇ ಸಾಲು. ಈ ಕಾಲಂಗೆ ಫಿಲ್ಟರ್ ಹಾಕಿ, ಉಳಿದವನ್ನೆಲ್ಲ ಕೂತು ಓದಿ. ಇಡೀ ಕ್ರಮದಲ್ಲಿ ಬಿಡಬಾರದ ಹಂತ ಇದು. ಹೊಸ ಪದಗಳು, ಹೊಸ ಕಾಗುಣಿತಗಳು, ನೀವು ಊಹಿಸದ ವಿಷಯಗಳು ಇಲ್ಲೇ ಸಿಗುತ್ತವೆ. 3 ಮತ್ತು 12 ಸುಮ್ನೆ ಮೆಚ್ಚುಗೆ, ಬಿಟ್ಟುಬಿಡಬಹುದು. 11 ಹಾಗಲ್ಲ. ವಾಟ್ಸಾಪ್‌ನಲ್ಲಿ ಆರಿಸುವುದು ಹಿತವಾಗಿತ್ತು ಅನ್ನುತ್ತಿದೆ. ಇಂಥವು ಇನ್ನೂ ನಾಲ್ಕಾರು ಕಂಡರೆ "ಆರ್ಡರ್ ಮಾಡಿದ ಬಗೆ" ಅಂತ ಹೊಸ ಗುಂಪು ತೆರೆಯಿರಿ. ಪದ ಸೇರಿಸಿ, ಮತ್ತೆ ಫಿಲ್ಟರ್ ನೋಡಿ, ಮತ್ತೆ ಸೇರಿಸಿ. ಉಳಿದದ್ದರಲ್ಲಿ "ಚಲೋ ಐತಿ", "ok" ಥರದವು ಮಾತ್ರ ಇದ್ದರೆ ಸಾಕು, ಸೊನ್ನೆಗೆ ಇಳಿಸುವ ಹಟ ಬೇಡ. ಇಳಿಸಲು ಹೋದರೆ ಪಟ್ಟಿಗೆ ಸಿಕ್ಕಸಿಕ್ಕ ಪದ ಸೇರಿ "ಸುಂದರ"ದ ಕತೆಯೇ ಮರುಕಳಿಸುತ್ತದೆ.

ಈ ಕಾಲಂಗೂ ಒಂದು ಕುರುಡು ಮೂಲೆ ಇದೆ. 10ನೇ ಸಾಲು ನೋಡಿ: "ದರ ಸರಿಯಾಗಿದೆ, ಬಟ್ಟೆ ಗಟ್ಟಿ ಇದೆ". ಬೆಲೆಯ ಗುಂಪಿಗೆ ಸೇರಿದ್ದರಿಂದ ಅದು ಉಳಿದವುಗಳಲ್ಲಿ ಕಾಣುವುದಿಲ್ಲ. ಬಟ್ಟೆಯ ಬಗ್ಗೆ ಹೇಳಿದ ಮಾತು ಮಾತ್ರ ಎಲ್ಲೂ ಲೆಕ್ಕಕ್ಕೆ ಬರಲಿಲ್ಲ. ಇಂಥದ್ದನ್ನು ಹಿಡಿಯಲು ಮೊದಲು ಮಾಡಿದ ಪದಗಳ ಪಟ್ಟಿಗೇ ಹೋಗಬೇಕು. ಯಾವ ಗುಂಪಿಗೂ ಸೇರಿಸದ ಪದ ಅಲ್ಲಿ ಮೇಲೇರುತ್ತಿದ್ದರೆ ಅದಕ್ಕೊಂದು ಕಾಲಂ ಬೇಕು.

ಇನ್ನೊಂದು, ಬಣ್ಣದ ಒಳಗಿನ ಎರಡು ಸಣ್ಣ ಗುಂಪು ಬಿಟ್ಟು ಉಳಿದ ಕಾಲಂಗಳನ್ನು ಕೂಡಿಸಿದರೂ ಹತ್ತಕ್ಕಿಂತ ಜಾಸ್ತಿ ಬರುತ್ತದೆ. 3, 2, 2, 1, ಉಳಿದವು 3, ಒಟ್ಟು 11. 7ನೇ ಸಾಲಿನವರು ಬೆಲೆ ಮತ್ತು ಖಣ ಎರಡರ ಬಗ್ಗೆಯೂ ಬರೆದಿದ್ದಾರೆ, ಅಷ್ಟೇ. ಅವರನ್ನು ಒಂದೇ ಗುಂಪಿಗೆ ತಳ್ಳಬೇಡಿ. ಶೇಕಡಾ ಲೆಕ್ಕ ಹಾಕುವಾಗ 11ರಿಂದಲ್ಲ, ಕಮೆಂಟ್‌ಗಳ ಸಂಖ್ಯೆಯಾದ 10ರಿಂದ ಭಾಗಿಸಿ.

ಮಾತಾಡಿದವರೆಲ್ಲ ದೂರಿದವರಲ್ಲ

"ಬಣ್ಣ ಬಿಡುವುದು" ಗುಂಪಿನಲ್ಲಿ ಎರಡು ಬಂತಲ್ಲ, ಅದರಲ್ಲಿ ಒಂದು 6ನೇ ಸಾಲು. ಮೂರು ಸಲ ತೊಳೆದರೂ ಬಣ್ಣ ಹೋಗಿಲ್ಲ ಅಂತ ಹೊಗಳಿದ್ದಾರೆ. ಕನ್ನಡದಲ್ಲಿ "ಇಲ್ಲ" ಅನ್ನುವುದು ಹಿಂದಿನ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಹೋಗಿಲ್ಲ, ಬಂದಿಲ್ಲ, ಚೆನ್ನಾಗಿಲ್ಲ. ನಾವು ಬಾಲ ಸಡಿಲ ಬಿಟ್ಟಿದ್ದರಿಂದ ಹೋಯ್ತು, ಹೋಗಿಲ್ಲ ಎರಡೂ ಒಂದೇ ಕಡೆ ಬಂದು ಕೂರುತ್ತವೆ. "ಇಲ್ಲ" ಇದ್ದರೆ ದೂರು ಅನ್ನೋಣವೆಂದರೆ 6ನೇ ಸಾಲೇ ಅದನ್ನು ಸುಳ್ಳು ಮಾಡುತ್ತದೆ.

ಪದಗಳಿಂದ ಇದನ್ನು ಬಿಡಿಸಲು ಹೋಗಬೇಡಿ ಅನ್ನುವುದು ನನ್ನ ಸಲಹೆ. ಪಕ್ಕದಲ್ಲೇ ರೇಟಿಂಗ್ ಇದೆ, ಅದನ್ನು ಬಳಸಿ. `D15`ರಲ್ಲಿ:

```
=COUNTIFS(D$3:D$12,1,$A$3:$A$12,"<=2")
```

ಪಕ್ಕಕ್ಕೆ ಎಳೆದರೆ ಬಣ್ಣ 2, ಬಣ್ಣ ಬಿಡುವುದು 1, ಫೋಟೋ ವ್ಯತ್ಯಾಸ 1, ಬೆಲೆ 0, ತಲುಪಿದ್ದು 1, ಖಣ 0. ಬೆಲೆ ಮತ್ತು ತಲುಪಿದ್ದು ಎರಡರ ಬಗ್ಗೆಯೂ ಇಬ್ಬಿಬ್ಬರು ಬರೆದಿದ್ದರು, ಬೇಸರವಾಗಿ ಕಡಿಮೆ ಸ್ಟಾರ್ ಕೊಟ್ಟದ್ದು ತಲುಪಿದ್ದರ ಬಗ್ಗೆ ಬರೆದ ಒಬ್ಬರು ಮಾತ್ರ. ಇದೂ ಪೂರಾ ಸರಿಯಲ್ಲ. 5ನೇ ಸಾಲಿನವರು ಭಾಳ ತಡ ಆತು ಅಂದರೂ ಸೀರೆ ಹಿಡಿಸಿದ್ದರಿಂದ 4 ಕೊಟ್ಟಿದ್ದಾರೆ. ಸ್ಟಾರ್ ಇಡೀ ಅನುಭವಕ್ಕೆ ಸೇರಿದ್ದು, ಒಂದೊಂದು ವಿಷಯಕ್ಕಲ್ಲ. ಆದ್ದರಿಂದ ಎಷ್ಟು ಜನ ಬರೆದರು, ಅದರಲ್ಲಿ ಎಷ್ಟು ಜನ ಕಡಿಮೆ ಸ್ಟಾರ್ ಕೊಟ್ಟರು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಸೂತ್ರವನ್ನು ಪರೀಕ್ಷಿಸುವುದು

ನೂರಾರು ಕಮೆಂಟ್ ಇದ್ದಾಗ ಎಲ್ಲವನ್ನೂ ಓದಿ ಸರಿಯೇ ಅಂತ ನೋಡಲಾಗದು. ಹಾಳೆಯ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಅದರಲ್ಲಿ `D`ಯಿಂದ `J`ವರೆಗಿನ ಅಂಕಿಗಳನ್ನು ಕಾಪಿ ಮಾಡಿ ಬರೀ ಮೌಲ್ಯವಾಗಿ ಅಂಟಿಸಿ. ಒಂದು ಖಾಲಿ ಕಾಲಂನಲ್ಲಿ `=RAND()` ಎಳೆದು, ಅದನ್ನೂ ಮೌಲ್ಯವಾಗಿ ಅಂಟಿಸಿ, ಆ ಕಾಲಂ ಪ್ರಕಾರ ಸಾಲುಗಳನ್ನು ವಿಂಗಡಿಸಿ. ಮೇಲಿನ ನಲವತ್ತು ಕಮೆಂಟ್ ತೆಗೆದುಕೊಳ್ಳಿ. ಸೂತ್ರದ ಕಾಲಂಗಳನ್ನು ಮರೆಮಾಡಿ, ಒಂದು ಗುಂಪನ್ನು ಮಾತ್ರ ಮನಸ್ಸಲ್ಲಿಟ್ಟುಕೊಂಡು `K` ಕಾಲಂನಲ್ಲಿ ನೀವೇ 1 ಅಥವಾ 0 ಹಾಕಿ. ಸೂತ್ರದ ಉತ್ತರ ಕಣ್ಣ ಮುಂದಿದ್ದರೆ ಕೈ ಅದರ ಕಡೆಗೇ ವಾಲುತ್ತದೆ, ಅದಕ್ಕೇ ಮರೆಮಾಡುವುದು. ಆಮೇಲೆ ತಾಳೆ ನೋಡಿ:

```
=COUNTIFS(H3:H42,1,K3:K42,0)
=COUNTIFS(H3:H42,0,K3:K42,1)
```

ಮೊದಲನೆಯದು ಸುಮ್ಮನೆ ಹಿಡಿದದ್ದು, ಎರಡನೆಯದು ಕೈತಪ್ಪಿದ್ದು. ಸೂತ್ರ ಹಿಡಿದ ಐದರಲ್ಲಿ ಒಂದು ತಪ್ಪಿದ್ದರೂ ನಾನು ಪದಪಟ್ಟಿಗೆ ಮರಳುತ್ತೇನೆ. ಸುಮ್ಮನೆ ಹಿಡಿದದ್ದಕ್ಕೆ ಕಾರಣ ಹೆಚ್ಚಾಗಿ ಯಾವುದೋ ಒಂದೇ ಗಿಡ್ಡ ಪದ, ಅದನ್ನು ಬಿಗಿ ಮಾಡಿದರೆ ಸರಿಹೋಗುತ್ತದೆ. ಕೈತಪ್ಪಿದ್ದಕ್ಕೆ ಕಾರಣ ಕಾಗುಣಿತ. "ಡೆಲಿವರಿ"ಯನ್ನು ಜನ "ಡಿಲೆವರಿ", "ಡೆಲೆವರಿ" ಅಂತಲೂ ಬರೆಯುತ್ತಾರೆ. ಸಿಕ್ಕಿದ್ದನ್ನು ಸಿಕ್ಕಂತೆಯೇ ಸೇರಿಸಿ.

ತಿಂಗಳಿಂದ ತಿಂಗಳಿಗೆ ಹೋಲಿಸುವವರು ಒಂದು ವಿಷಯ ನೆನಪಿಡಬೇಕು. ಮದುವೆ ಸೀಸನ್‌ನಲ್ಲಿ ಪದಪಟ್ಟಿಗೆ ಹೊಸ ಪದ ಸೇರಿಸಿದಿರಿ ಅಂದುಕೊಳ್ಳಿ. ಆ ತಿಂಗಳು ತಡದ ದೂರು ಜಾಸ್ತಿ ಕಾಣುತ್ತದೆ. ದೂರು ನಿಜವಾಗಿ ಹೆಚ್ಚಿತೋ, ಪಟ್ಟಿ ಉದ್ದವಾಗಿದ್ದರಿಂದ ಹೆಚ್ಚು ಸಿಕ್ಕಿತೋ ಗೊತ್ತಾಗುವುದಿಲ್ಲ. ಎಲ್ಲ ತಿಂಗಳ ಕಮೆಂಟ್ ಒಂದೇ ಹಾಳೆಯಲ್ಲಿದ್ದರೆ ಮೊದಲ ಸಾಲು ತಿದ್ದಿದ ತಕ್ಷಣ ಹಳೆಯ ಸಾಲುಗಳೂ ಮತ್ತೆ ಎಣಿಕೆಯಾಗುತ್ತವೆ, ಆಗ ಹೋಲಿಕೆ ಸರಿ. ಹಳೆಯ ಅಂಕಿಯನ್ನು ಬೇರೆಲ್ಲೋ ಬರೆದಿಟ್ಟುಕೊಂಡಿದ್ದರೆ ಅದನ್ನು ಬಿಟ್ಟು ಹೊಸದಾಗಿ ತೆಗೆಯಿರಿ. ಹೋಲಿಸುವಾಗ ಎಷ್ಟು ಕಮೆಂಟ್ ಅಂತ ನೋಡಬೇಡಿ, ನೂರಕ್ಕೆ ಎಷ್ಟು ಅಂತ ನೋಡಿ. ಸೀಸನ್‌ನಲ್ಲಿ ಕಮೆಂಟ್‌ಗಳೇ ಜಾಸ್ತಿ ಬರುತ್ತವೆ.

ಅಂಕಿಯ ಜೊತೆ ಮಾತನ್ನೂ ಕೊಡುವುದು

ಬಣ್ಣ ಹಾಕುವವರ ಹತ್ತಿರ ಹೋಗಿ "ಇಷ್ಟು ಜನ ದೂರಿದ್ದಾರೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮೊದಲ ತೊಳೆತಕ್ಕೋ, ಬಿಸಿನೀರಿಗೋ, ಸೆರಗಿನಿಂದ ಒಡಲಿಗೋ, ಅದು ಬೇಕು ಅವರಿಗೆ. ಅದು ಕಮೆಂಟ್‌ನಲ್ಲೇ ಇದೆ. ಬೇರೆ ಹಾಳೆಯಲ್ಲಿ ಮೂಲ ಕಮೆಂಟ್‌ಗಳನ್ನೇ ಸೋಸಿ ತೆಗೆಯಿರಿ:

```
=FILTER(Sheet2!B3:B12,Sheet2!E3:E12=1,Sheet2!A3:A12>0,Sheet2!A3:A12<=2)
```

ನಮ್ಮ ಉದಾಹರಣೆಯಲ್ಲಿ ಒಂದೇ ಸಾಲು ಬರುತ್ತದೆ, ಸೆರಗಿನ ಬಣ್ಣ ಒಡಲಿಗೆ ಹತ್ತಿದ್ದು. ನಡುವೆ `>0` ಹಾಕಿರುವುದಕ್ಕೆ ಕಾರಣವಿದೆ. ಕೆಲವರು ಸ್ಟಾರ್ ಕೊಡದೆ ಬರೀ ಕಮೆಂಟ್ ಬರೆಯುತ್ತಾರೆ. `COUNTIFS` ಆ ಖಾಲಿ ಸೆಲ್ಲನ್ನು ಬಿಟ್ಟುಬಿಡುತ್ತದೆ, `FILTER` ಅದನ್ನು ಸೊನ್ನೆ ಅಂತ ಲೆಕ್ಕಿಸಿ ಎರಡಕ್ಕಿಂತ ಕಡಿಮೆ ಅಂದುಕೊಳ್ಳುತ್ತದೆ. `>0` ಇಲ್ಲದಿದ್ದರೆ ಎಣಿಕೆ ಒಂದು ಹೇಳುತ್ತದೆ, ಪಟ್ಟಿಯಲ್ಲಿ ಸಾಲುಗಳು ಅದಕ್ಕಿಂತ ಜಾಸ್ತಿ ಇರುತ್ತವೆ. ಸ್ಟಾರ್ ಕೊಡದವರ ಕಮೆಂಟ್‌ಗಳನ್ನು `Sheet2!A3:A12=""` ಅಂತ ಇನ್ನೊಂದು ಸೋಸುವಿಕೆಯಲ್ಲಿ ಬೇರೆಯಾಗಿ ತೆಗೆದು ಓದಿ. ಅವನ್ನು ದೂರಿಗೆ ಸೇರಿಸಬೇಕೋ ಬೇಡವೋ ಅಂತ ಓದಿದವರೇ ತೀರ್ಮಾನಿಸಬೇಕು.